ವಿಮಾನ ರದ್ದಾಯ್ತು, ಮೆಸೇಜ್ ಯಾರ ಮೊಬೈಲಿಗೆ ಬಂತು?

ನಮ್ಮ ತಿಪಟೂರಿನವರಿಗೆ ವಿಮಾನ ಹತ್ತುವುದಕ್ಕಿಂತ ವಿಮಾನ ನಿಲ್ದಾಣ ತಲುಪುವುದೇ ದೊಡ್ಡ ಪ್ರಯಾಣ. ತುಮಕೂರು, ಡಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ ದಾಟಿ ಹೋಗುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರ ಲೆಕ್ಕವೂ ಹೆಚ್ಚೂಕಡಿಮೆ ಇದೇ. ಹೊರಡುವ ನಾಲ್ಕೈದು ಗಂಟೆ ಮೊದಲು ವಿಮಾನ ರದ್ದಾದರೆ ಬೆಂಗಳೂರಿನವರು ಇನ್ನೂ ಮನೆಯಲ್ಲಿರುತ್ತಾರೆ. ನಾವು ಆಗಲೇ ಬಸ್ಸಿನಲ್ಲಿರುತ್ತೇವೆ.

ಇದರ ಮೇಲೆ ಇನ್ನೊಂದು ತೊಡಕಿದೆ. ನಮ್ಮಲ್ಲಿ ಬಹಳ ಮಂದಿ ಟಿಕೆಟ್ ತೆಗೆಯುವುದು ಪರಿಚಯದ ಟ್ರಾವೆಲ್ಸ್ ಅಂಗಡಿಯಲ್ಲಿ. ಅಲ್ಲಿ ಬುಕಿಂಗ್ ಮಾಡುವಾಗ ಎಷ್ಟೋ ಸಲ ಅಂಗಡಿಯವರದ್ದೇ ಮೊಬೈಲ್ ನಂಬರ್, ಅವರದ್ದೇ ಇಮೇಲ್ ಹಾಕಿಬಿಡುತ್ತಾರೆ. ವಿಮಾನ ಸಂಸ್ಥೆಯ ಕಂಪ್ಯೂಟರಿಗೆ ಗೊತ್ತಿರುವುದು ಆ ನಂಬರ್ ಮಾತ್ರ. ಹಾಗಾಗಿ ರದ್ದಾದ ಸುದ್ದಿಯೂ ಅಂಗಡಿಗೇ ಹೋಗುತ್ತದೆ.

ನಮ್ಮ ದೊಡ್ಡಪ್ಪನ ಮಗನಿಗೆ ಆಗಿದ್ದೂ ಇದೇ. ಪುಣೆಯಲ್ಲಿ ಮರುದಿನ ಬೆಳಿಗ್ಗೆ ಹತ್ತೂವರೆಗೆ ಇಂಟರ್‌ವ್ಯೂ. ಎರಡು ವರ್ಷದಿಂದ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾ ಕಾದವನಿಗೆ ಬಂದ ಮೊದಲ ಒಳ್ಳೆಯ ಕರೆ ಅದು. ಸಂಜೆ 5.40ರ ವಿಮಾನಕ್ಕೆ ಬೆಳಿಗ್ಗೆ ಹತ್ತೂವರೆಗೆ ತಿಪಟೂರು ಬಿಟ್ಟ. ಹನ್ನೊಂದಕ್ಕೆ ವಿಮಾನ ರದ್ದಾಗಿದೆ ಎಂಬ ಮೆಸೇಜ್ ಅಂಗಡಿಯವರ ಮೊಬೈಲಿಗೆ ಬಂತು. ಅವರು ಯಾವುದೋ ಗೃಹಪ್ರವೇಶದಲ್ಲಿದ್ದರು, ನೋಡಿದ್ದು ಒಂದು ಗಂಟೆಗೆ. ಅವರಿಂದ ವಿಷಯ ತಿಳಿದ ಅಣ್ಣ ಡಾಬಸ್‌ಪೇಟೆಯಿಂದ ನನಗೆ ಫೋನ್ ಮಾಡಿ, ‘ಲೋ, ಈಗ ಏನ್ ಮಾಡ್ಲೋ? ವಾಪಸ್ ಬರ್ಲಾ?’ ಅಂದ.

‘ಬರಬೇಡ ಅಣ್ಣ, ಏರ್‌ಪೋರ್ಟ್ ಕಡೆಗೇ ಹೋಗು. ಪಿಎನ್‌ಆರ್ ಕಳಿಸು’ ಅಂದೆ.

ಆ ಆರಕ್ಷರದ ಪಿಎನ್‌ಆರ್ ಮತ್ತು ಟಿಕೆಟ್‌ನಲ್ಲಿರುವ ಕೊನೆಯ ಹೆಸರು ಇದ್ದರೆ ಯಾರು ಬೇಕಾದರೂ ಆ್ಯಪ್‌ನಲ್ಲಿ ಬುಕಿಂಗ್ ತೆರೆದು ನೋಡಬಹುದು. ತುಮಕೂರಿನ ಹಾಸ್ಟೆಲ್‌ನಲ್ಲಿ ಕೂತು ನಾನು ತೆರೆದೆ. ಕಂಪ್ಯೂಟರ್ ತಾನಾಗಿಯೇ ಅವನನ್ನು ಮರುದಿನ ಸಂಜೆಯ ವಿಮಾನಕ್ಕೆ ಹಾಕಿತ್ತು, ಇಂಟರ್‌ವ್ಯೂ ಮುಗಿದ ಮೇಲಿನ ವಿಮಾನ! ಇಂಥದ್ದನ್ನು ಕಂಡು ಬಹಳ ಜನ ಇನ್ನು ದಾರಿಯಿಲ್ಲ ಅಂದುಕೊಳ್ಳುತ್ತಾರೆ. ಆದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ ನಿಯಮದಂತೆ, ಸಂಸ್ಥೆಯೇ ವಿಮಾನ ರದ್ದು ಮಾಡಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಎರಡರಲ್ಲೊಂದನ್ನು ಪ್ರಯಾಣಿಕ ಒಪ್ಪುವ ಹಾಗೆ ಕೊಡಬೇಕು. ತಾನಾಗಿ ಹಾಕಿದ ಸೀಟು ಬರೀ ಒಂದು ಸಲಹೆ, ಬೇಡ ಅನ್ನಬಹುದು.

ಇಲ್ಲಿ ಎರಡು ಗುಂಡಿ ಒತ್ತುವಾಗ ಎಚ್ಚರ ಬೇಕು. ಮೊದಲನೆಯದು ಹಣ ವಾಪಸಿನ ಗುಂಡಿ. ಅದನ್ನು ಒತ್ತಿದರೆ ಸಾಮಾನ್ಯವಾಗಿ ಆ ಬುಕಿಂಗ್ ಅಲ್ಲಿಗೆ ಮುಗಿಯಿತು, ಪುಕ್ಕಟೆಯಾಗಿ ಬೇರೆ ವಿಮಾನ ಕೇಳುವ ಹಕ್ಕೂ ಹೋಯಿತು. ಭಾರತದ ಅಗ್ಗದ ದರದ ಸಂಸ್ಥೆಗಳು ತಮ್ಮ ಪ್ರಯಾಣಿಕರನ್ನು ಸಾಮಾನ್ಯವಾಗಿ ಬೇರೆ ಸಂಸ್ಥೆಯ ವಿಮಾನಕ್ಕೆ ಹತ್ತಿಸುವುದಿಲ್ಲ. ಹಣ ವಾಪಸ್ ಪಡೆದವರು ಅವತ್ತಿನ ದರಕ್ಕೆ ಹೊಸ ಟಿಕೆಟ್ ಕೊಳ್ಳಬೇಕು. ಎರಡನೆಯದು ಮಾಮೂಲಿ ಕ್ಯಾನ್ಸಲ್ ಗುಂಡಿ. ಪರದೆಯ ಮೇಲೆ ವಿಮಾನ ‘ತಡ’ ಎಂದಷ್ಟೇ ಇದ್ದಾಗ ಅದನ್ನು ಒತ್ತಿದರೆ ನಾವೇ ರದ್ದು ಮಾಡಿದಂತೆ ಲೆಕ್ಕವಾಗಿ ಶುಲ್ಕ ಕತ್ತರಿಸಬಹುದು. ಸಂಸ್ಥೆ ರದ್ದೆಂದು ತೋರಿಸಿದ ಮೇಲೆ ಬರುವ ಆಯ್ಕೆಗಳೇ ಬೇರೆ. ಇಂಡಿಗೊದಲ್ಲಿ ಈ ಪುಟಕ್ಕೆ ‘ಪ್ಲ್ಯಾನ್ ಬಿ’ ಎಂದು ಹೆಸರು.

ಅಣ್ಣನ ಬುಕಿಂಗ್‌ಗೆ ಎದುರಾಗಿ ಅದೇ ರಾತ್ರಿ 10.50ರ ವಿಮಾನದಲ್ಲಿ ಸೀಟು ಕಾಣಿಸುತ್ತಿತ್ತು. ಒತ್ತಿದೆ. ‘ನಿಮ್ಮ ಟ್ರಾವೆಲ್ ಏಜೆಂಟರನ್ನು ಸಂಪರ್ಕಿಸಿ’ ಎಂದು ಬಂತು. ಏಜೆಂಟ್ ಮೂಲಕ ತೆಗೆದ ಟಿಕೆಟ್‌ಗೆ ಹೀಗಾಗುವುದುಂಟು. ಅಂಗಡಿಯವರೋ, ‘ಕಂಪ್ಯೂಟರ್ ಅಂಗಡೀಲಿದೆ, ಸಂಜೆ ಹೋಗಿ ನೋಡ್ತೀನಿ’ ಅಂದರು. ಸಂಜೆಯವರೆಗೆ ಆ ಸೀಟು ಇರಬೇಕಲ್ಲ!

ಉಳಿದದ್ದು ಫೋನ್ ಮತ್ತು ಕೌಂಟರ್. ಎರಡನ್ನೂ ಒಟ್ಟಿಗೆ ಹಿಡಿದೆವು. ಅಣ್ಣ ಏರ್‌ಪೋರ್ಟ್ ಸೇರಿ ಟಿಕೆಟ್ ಕೌಂಟರಿನ ಸಾಲಿನಲ್ಲಿ ನಿಂತ, ನಾನು ಕಾಲ್ ಸೆಂಟರಿಗೆ ಫೋನ್ ಮಾಡಿದೆ. ನಂಬರನ್ನು ಟಿಕೆಟ್‌ನಿಂದಲೇ ನೋಡಿ ಒತ್ತಿದೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಸಿಗುವ ‘ಕಸ್ಟಮರ್ ಕೇರ್’ ನಂಬರ್‌ಗಳಲ್ಲಿ ಕಳ್ಳರದ್ದೂ ಇರುತ್ತವೆ. ಹಣ ವಾಪಸ್ ಮಾಡುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ, ಒಟಿಪಿ ಹೇಳಿ ಎಂದರೆ ಫೋನ್ ಇಟ್ಟುಬಿಡಿ. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು.

ಇಪ್ಪತ್ತೈದು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬರು ಸಿಕ್ಕರು, ಒಳ್ಳೆಯವರೇ. ಆದರೆ ಬದಲಾವಣೆಗೆ ಮೊದಲು ನೋಂದಾಯಿತ ನಂಬರಿಗೆ ಒಟಿಪಿ ಹೋಗುತ್ತದೆ ಎಂದರು. ಅದು ಮತ್ತೆ ಗೃಹಪ್ರವೇಶದಲ್ಲಿದ್ದ ಮೊಬೈಲು! ಊಟಕ್ಕೆ ಕೂತಿದ್ದರೋ ಏನೋ, ಅವರು ಎತ್ತಲಿಲ್ಲ.

ಕೊನೆಗೆ ಕೆಲಸ ಮಾಡಿದ್ದು ಕೌಂಟರು. ಅಲ್ಲಿ ಒಟಿಪಿ ಬೇಕಾಗಲಿಲ್ಲ, ಮನುಷ್ಯನೇ ಆಧಾರ್ ಹಿಡಿದು ಎದುರಿಗೆ ನಿಂತಿದ್ದ. ಸಾಲಿನಲ್ಲಿ ಸುಮಾರು ನಲವತ್ತು ಜನರಿದ್ದರು. ಅಣ್ಣನ ಸರದಿ ಬರುವ ಮೊದಲೇ ನಾನು 10.50ರ ವಿಮಾನದ ಸಂಖ್ಯೆಯನ್ನು ಕಳಿಸಿ, ಸೀಟು ಇನ್ನೂ ಇದೆಯೇ ಎಂದು ನೋಡುತ್ತಿದ್ದೆ. ಅವನು ‘ಯಾವುದಾದ್ರೂ ಕೊಡಿ’ ಅನ್ನದೆ, ವಿಮಾನದ ಸಂಖ್ಯೆ ಹೇಳಿಯೇ ಕೇಳಿದ. ಎರಡು ನಿಮಿಷದಲ್ಲಿ ಮುಗಿಯಿತು, ಹೆಚ್ಚುವರಿ ಹಣ ಕೇಳಲಿಲ್ಲ. ತನ್ನ ನಂಬರನ್ನೂ ಅಲ್ಲೇ ಹಾಕಿಸಿಕೊಂಡ. ರಾತ್ರಿ ಇನ್ನೂ ತಡವಾದರೆ ಎಂದು, ವಿಮಾನ ರದ್ದಾಗಿದ್ದಕ್ಕೆ ಒಂದು ಪತ್ರ ಕೇಳಿ ಪಡೆದು ಕಂಪನಿಯವರಿಗೆ ಇಮೇಲ್ ಕೂಡ ಮಾಡಿದ. ಬೆಳಿಗ್ಗೆ ಹತ್ತಕ್ಕೇ ಅವನು ಇಂಟರ್‌ವ್ಯೂ ಬಾಗಿಲಲ್ಲಿದ್ದ.

ಹಾಗೆಂದು ಕೌಂಟರೇ ಯಾವಾಗಲೂ ಬೇಗ ಎನ್ನಲಾರೆ. ನಮ್ಮದೇ ನಂಬರಿರುವ, ಸಂಸ್ಥೆಯಿಂದ ನೇರವಾಗಿ ಕೊಂಡ ಟಿಕೆಟ್ ಆಗಿದ್ದರೆ ಆ್ಯಪ್‌ನಲ್ಲೇ, ಮಧ್ಯಾಹ್ನ ಒಂದೂಕಾಲಿಗೇ ಇದು ಮುಗಿಯುತ್ತಿತ್ತು. 2025ರ ಡಿಸೆಂಬರ್ ಮೊದಲ ವಾರದಲ್ಲಿ ಪೈಲಟ್‌ಗಳ ಕೆಲಸ ಮತ್ತು ವಿಶ್ರಾಂತಿಯ ಹೊಸ ನಿಯಮಗಳ ನಡುವೆ ಇಂಡಿಗೊ ವಿಮಾನಗಳು ದೇಶದೆಲ್ಲೆಡೆ ಸಾವಿರಾರು ಸಂಖ್ಯೆಯಲ್ಲಿ ರದ್ದಾದಾಗ ಬೆಂಗಳೂರಿನಲ್ಲೂ ಜನ ಸಿಕ್ಕಿಬಿದ್ದರು. ಬೇರೆ ಸಂಸ್ಥೆಗಳ ದರ ಏರಿ, ಕೇಂದ್ರ ಸರ್ಕಾರ ಮಿತಿ ಹಾಕಬೇಕಾಯಿತು. 500ರಿಂದ 1,000 ಕಿ.ಮೀ. ದೂರಕ್ಕೆ ಅದು 12,000 ರೂಪಾಯಿ. ಅಂಥ ದಿನ ಕೌಂಟರಿನವರ ಬಳಿಯೂ ಕೊಡಲು ಸೀಟೇ ಇರುವುದಿಲ್ಲ. ಪುಣೆಯಂಥ ಊರಿಗಾದರೆ ರಾತ್ರಿ ಬಸ್ಸನ್ನು ಮೊದಲು ಹಿಡಿದಿಟ್ಟುಕೊಂಡು, ಆಮೇಲೆ ಹಣ ವಾಪಸ್ ಕೇಳುವುದೇ ಜಾಣತನ.

ಇನ್ನು ಪರಿಹಾರ. 24 ಗಂಟೆಗಿಂತ ಕಡಿಮೆ ಅವಧಿಯಲ್ಲಿ ತಿಳಿಸಿ ರದ್ದು ಮಾಡಿದರೆ, ಪ್ರಯಾಣಿಕ ಒಪ್ಪುವ ಬೇರೆ ವಿಮಾನ ಕೊಡಬೇಕು, ಇಲ್ಲವೇ ಪೂರ್ತಿ ಹಣದ ಜೊತೆಗೆ ಪರಿಹಾರ ಕೊಡಬೇಕೆಂದು ಡಿಜಿಸಿಎ ನಿಯಮ ಹೇಳುತ್ತದೆ. ಒಂದರಿಂದ ಎರಡು ಗಂಟೆಯ ಹಾರಾಟಕ್ಕೆ 7,500 ರೂಪಾಯಿ, ಅಥವಾ ಟಿಕೆಟ್‌ನ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು. ಅಣ್ಣನಿಗೆ ಅದು 3,400 ರೂಪಾಯಿ ಆಗುತ್ತಿತ್ತು. ಮಂಜು, ಮಳೆಯಂಥ ಸಂಸ್ಥೆಯ ಕೈಮೀರಿದ ಕಾರಣವಿದ್ದರೆ ಇದು ಸಿಗುವುದಿಲ್ಲ, ಅದಕ್ಕೇ ಪತ್ರದಲ್ಲಿ ಕಾರಣ ಬರೆಸಿಕೊಳ್ಳಬೇಕು. ಅವನ ಪತ್ರದಲ್ಲಿ ‘ಕಾರ್ಯಾಚರಣೆಯ ಕಾರಣ’ ಎಂದಿತ್ತು. ಸರಿಯಾದ ಸಂಪರ್ಕ ವಿವರ ಕೊಡದ ಪ್ರಯಾಣಿಕರಿಗೆ ಪರಿಹಾರವಿಲ್ಲ ಎಂಬ ಸಾಲೂ ಅದೇ ನಿಯಮದಲ್ಲಿದೆ. ಸಂಸ್ಥೆ ಈಗ ಅದನ್ನೇ ಹಿಡಿದುಕೊಂಡು, ನೋಂದಾಯಿತ ನಂಬರಿಗೆ ತಿಳಿಸಿದ್ದೇವಲ್ಲ ಎನ್ನುತ್ತಿದೆ. ಆ ನಂಬರಿಗೂ ತಿಳಿಸಿದ್ದು ಆರು ಗಂಟೆ ನಲವತ್ತು ನಿಮಿಷ ಮೊದಲಷ್ಟೇ ಎಂಬುದು ನಮ್ಮ ವಾದ. ಮೆಸೇಜ್ ಬಂದ ಸಮಯದ ಸ್ಕ್ರೀನ್‌ಶಾಟನ್ನು ಅಂಗಡಿಯವರಿಂದ ತರಿಸಿಕೊಂಡು, ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಹಾಕಿದ್ದೇವೆ. ಈ ಸಲ ಮಾತ್ರ ಸಂಪರ್ಕದ ಜಾಗದಲ್ಲಿ ಅಣ್ಣನ ನಂಬರೇ ಇದೆ.