ಚಿತ್ರ ಒಡೆದರೆ ಬಾಕ್ಸ್ ಬದಲಿಸುವ ಮೊದಲು

ಧಾರಾವಾಹಿ ನಡೆಯುತ್ತಿರುವಾಗ ನಾಯಕಿಯ ಮುಖ ಚೌಕ ಚೌಕವಾಗಿ ಒಡೆಯುತ್ತದೆ, ಮಾತು ತುಂಡಾಗುತ್ತದೆ, ಚಿತ್ರ ಅಲ್ಲೇ ನಿಂತುಬಿಡುತ್ತದೆ. ಮನೆಯವರ ಮೊದಲ ಅನುಮಾನ ಸೆಟ್‌ಟಾಪ್ ಬಾಕ್ಸ್ ಮೇಲೆ. ಅದರ ತಲೆಗೆ ಎರಡು ಏಟು ಬೀಳುವುದೂ ಉಂಟು! ಆದರೆ ಬಹಳ ಸಲ ತಪ್ಪು ಇರುವುದು ಹಿಂದಿನ ಪಿನ್ನಿನಲ್ಲಿ, ಇಲ್ಲವೇ ತಾರಸಿಯ ಜಾಯಿಂಟಿನಲ್ಲಿ.

ಅನಲಾಗ್ ಕೇಬಲ್ಲಿನ ಕಾಲದಲ್ಲಿ ಸಿಗ್ನಲ್ ಕುಂದಿದರೆ ಪರದೆಯ ಮೇಲೆ ಚುಕ್ಕಿಗಳು ಹೆಚ್ಚುತ್ತ ಹೋಗುತ್ತಿದ್ದವು. ಡಿಜಿಟಲ್‌ನಲ್ಲಿ ಹಾಗಲ್ಲ. ಸಣ್ಣಪುಟ್ಟ ದೋಷಗಳನ್ನು ಬಾಕ್ಸೇ ಸರಿಪಡಿಸಿಕೊಳ್ಳುವುದರಿಂದ ಚಿತ್ರ ಚೊಕ್ಕವಾಗಿಯೇ ಇರುತ್ತದೆ; ದೋಷ ಆ ಮಿತಿ ದಾಟಿದ ಕೂಡಲೇ ಒಡೆಯುತ್ತದೆ. ಹಾಗಾಗಿ ಕಣ್ಣಿಗಿಂತ ಬಾಕ್ಸ್ ತೋರಿಸುವ ಅಂಕಿಗಳನ್ನು ನಂಬುವುದು ಮೇಲು.

ಮೆನುವಿನಲ್ಲಿ ಸಿಗ್ನಲ್ ಪುಟ ತೆರೆದರೆ ಸಾಮಾನ್ಯವಾಗಿ ಎರಡು ಅಂಕಿ ಸಿಗುತ್ತವೆ. Signal Strength ಎಂದರೆ ಬಂದ ಸಿಗ್ನಲ್ಲಿನ ಬಲ, Signal Quality ಎಂದರೆ ಅದರ ಶುದ್ಧತೆ. ಕೆಲವು ಬಾಕ್ಸ್‌ಗಳು ಶೇಕಡಾ ಲೆಕ್ಕ ಕೊಟ್ಟರೆ, ಕೆಲವು ಶುದ್ಧತೆಯನ್ನು MER ಎಂದು ಡೆಸಿಬೆಲ್‌ನಲ್ಲಿ ತೋರಿಸುತ್ತವೆ. MER 30ರ ಮೇಲಿದ್ದರೆ ನೆಮ್ಮದಿ. 24ರ ಆಸುಪಾಸಿಗೆ ಇಳಿದರೆ ಚಿತ್ರ ಯಾವಾಗ ಬೇಕಾದರೂ ಒಡೆಯಬಹುದು.

ಒಂದು ಮನೆಯಲ್ಲಿ ಬಲ 60, MER ಮಾತ್ರ 22ರಿಂದ 24ರ ನಡುವೆ ಕುಣಿಯುತ್ತಿದೆ ಎಂದುಕೊಳ್ಳಿ. ಬಲವೂ ಕುಸಿದಿದ್ದರೆ ಉದ್ದದ ವೈರು, ಸ್ಪ್ಲಿಟರ್ ಅಥವಾ ಬೀದಿಯ ಆಂಪ್ಲಿಫೈಯರ್ ಕಡೆ ನೋಡಬೇಕಿತ್ತು. ಎರಡು ದಾರಿಯ ಸ್ಪ್ಲಿಟರ್ ಒಂದೇ ಸುಮಾರು ನಾಲ್ಕು ಡೆಸಿಬೆಲ್ ನುಂಗುತ್ತದೆ. ಇಲ್ಲಿ ಬಲವಿದ್ದೂ ಶುದ್ಧತೆ ಇಲ್ಲ ಎಂದಮೇಲೆ ಮೊದಲ ಗುಮಾನಿ ಜಾಯಿಂಟಿನ ಮೇಲೆ. ಆ ಪುಟ ತೆರೆದಿಟ್ಟುಕೊಂಡೇ ಪಿನ್ನಿನ ಬಳಿ ವೈರಿನ ಪ್ಲಾಸ್ಟಿಕ್ ಹೊದಿಕೆ ಹಿಡಿದು ಮೆಲ್ಲಗೆ ಅಲುಗಿಸಿ. ಅಂಕಿ ಜಿಗಿದರೆ ಕಳ್ಳ ಸಿಕ್ಕ.

ಟಿವಿ, ಬಾಕ್ಸ್ ಎರಡರ ಪ್ಲಗ್ಗನ್ನೂ ಕಿತ್ತು, ಪಿನ್ ಬಿಚ್ಚಿ ನೋಡಿ. ನಡುವಿನ ತಂತಿ ಹೆಚ್ಚಾಗಿ ತಾಮ್ರ ಲೇಪಿಸಿದ ಉಕ್ಕು. ನೀರು ಹೊಕ್ಕರೆ ಕಪ್ಪಾಗಿ ತುಕ್ಕು ಹಿಡಿಯುತ್ತದೆ. ಸುತ್ತಲಿನ ಜಾಲರಿಯ ಒಂದೇ ಎಳೆ ಅದಕ್ಕೆ ತಾಗಿದರೂ ಸಿಗ್ನಲ್ ಕೆಡುತ್ತದೆ. ಕಪ್ಪಾದ ತುದಿ ಕತ್ತರಿಸಿ, ಜಾಲರಿಯನ್ನು ಹಿಂದಕ್ಕೆ ಮಡಚಿ, ನಡುತಂತಿ ಪಿನ್ನಿನ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಹೊರಗಿರುವಂತೆ ಹೊಸ ಪಿನ್ ಹಾಕಬೇಕು. ಎರಡು ವೈರುಗಳನ್ನು ಹೊಸೆದು ಟೇಪ್ ಸುತ್ತುವುದು ಜಾಯಿಂಟೇ ಅಲ್ಲ. ಅಲ್ಲಿ ಸಿಗ್ನಲ್ ಪುಟಿದು ಹಿಂದಿರುಗುತ್ತದೆ, ಮೊದಲ ಮಳೆಗೆ ನೀರೂ ಇಳಿಯುತ್ತದೆ.

ಪಿನ್ ಹೊಸದಾದ ಮೇಲೂ ಅಂಕಿ ಏರದಿದ್ದರೆ, ಒಡೆಯುವ ಚಾನೆಲ್‌ಗಳ ಹೆಸರು, ಬಲ, MER ಬರೆದಿಟ್ಟು ಕೇಬಲ್‌ನವರಿಗೆ ತಿಳಿಸಿ. ಕಂಬದಿಂದಾಚೆಗಿನ ರಿಪೇರಿ ಅವರ ಕೆಲಸ, ನೀವು ಏಣಿ ಹತ್ತಬೇಡಿ.