ನಕಲು ಯಂತ್ರದಲ್ಲಿ ಕಾಣೆಯಾದ 2ab

1981ರಲ್ಲಿ ಅಮೆರಿಕದ ನಿಕ್ ಹರ್ಬರ್ಟ್ ಎಂಬ ಭೌತವಿಜ್ಞಾನಿ ‘ಫೌಂಡೇಶನ್ಸ್ ಆಫ್ ಫಿಸಿಕ್ಸ್’ ಪತ್ರಿಕೆಗೆ ಒಂದು ಲೇಖನ ಕಳಿಸಿದರು. ಬೆಳಕಿಗಿಂತ ವೇಗವಾಗಿ ಸಂದೇಶ ರವಾನಿಸುವ ಉಪಕರಣವೊಂದರ ವಿವರಣೆ ಅದರಲ್ಲಿತ್ತು. ಅದಕ್ಕೆ ಅವರಿಟ್ಟ ಹೆಸರು ‘ಫ್ಲ್ಯಾಶ್’. ಲೇಖನವನ್ನು ಪರಿಶೀಲಿಸಿದವರಲ್ಲಿ ಇಸ್ರೇಲಿನ ಆಶರ್ ಪೆರೆಸ್ ಒಬ್ಬರು. ಐನ್‌ಸ್ಟೈನರ ಸಾಪೇಕ್ಷತೆಗೆ ವಿರುದ್ಧವಾದ ಕಾರಣ ಇದು ತಪ್ಪೇ ಇರಬೇಕು ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಆದರೂ ಅಚ್ಚು ಹಾಕಿ ಎಂದೇ ಶಿಫಾರಸು ಮಾಡಿದರು. ತಪ್ಪು ಎಲ್ಲಿದೆ ಎಂದು ಹುಡುಕಹೊರಟವರಿಗೆ ಹೊಸದೇನಾದರೂ ಸಿಕ್ಕೀತು ಎಂಬುದು ಅವರ ಲೆಕ್ಕ. ಇನ್ನೊಬ್ಬ ಪರಿಶೀಲಕರು ಇಟಲಿಯ ಜಾನ್‌ಕಾರ್ಲೊ ಗಿರಾರ್ಡಿ. ಅವರು ಬೇಡವೆಂದರು, ಏಕೆ ಬೇಡ ಎಂಬುದನ್ನೂ ತಮ್ಮ ವರದಿಯಲ್ಲಿ ಗಣಿತ ಸಮೇತ ಬರೆದರು. ಲೇಖನ 1982ರಲ್ಲಿ ಪ್ರಕಟವಾಯಿತು. ತಪ್ಪೆಂದು ಗೊತ್ತಿದ್ದೂ ಪ್ರಕಟಿಸಿದ್ದು ಒಳ್ಳೆಯದೇ ಆಯಿತು ಎನ್ನುವವರಲ್ಲಿ ನಾನೂ ಒಬ್ಬ.

ಹರ್ಬರ್ಟ್ ಯೋಚಿಸಿದ್ದು ಹೀಗೆ. ಫೋಟಾನ್ ಅಂದರೆ ಬೆಳಕಿನ ಒಂದು ಕಣ. ಅದಕ್ಕೆ ಧ್ರುವೀಕರಣ ಎಂಬ ಗುಣವಿದೆ. ಅದು ಕಂಪಿಸುವ ದಿಕ್ಕು ಅಡ್ಡ ಇರಬಹುದು, ಉದ್ದ ಇರಬಹುದು, 45 ಡಿಗ್ರಿ ಓರೆಯಾಗಿಯೂ ಇರಬಹುದು. ಅಡ್ಡ ಫೋಟಾನನ್ನು ಅಡ್ಡಕ್ಕೆ ಹಿಡಿದ ಪೋಲರಾಯ್ಡ್ ಹಾಳೆಗೆ ಬಿಟ್ಟರೆ ಖಂಡಿತ ದಾಟುತ್ತದೆ, ಉದ್ದದ್ದು ಖಂಡಿತ ದಾಟದು. ಓರೆಯ ಫೋಟಾನು ಮಾತ್ರ ಅರ್ಧ ಸಲ ದಾಟುತ್ತದೆ, ಅರ್ಧ ಸಲ ದಾಟದು. ಯಾವ ಸಲ ಏನಾಗುತ್ತದೆ ಎಂದು ಮುಂಚೆ ಹೇಳಲು ಬರುವುದಿಲ್ಲ. ಅಳತೆ ಮುಗಿದ ಮೇಲೆ ಮೊದಲಿನ ಓರೆಯ ಗುರುತೂ ಉಳಿದಿರುವುದಿಲ್ಲ.

ಈಗ ಪರಸ್ಪರ ಹೆಣೆದುಕೊಂಡ ಎರಡು ಫೋಟಾನುಗಳನ್ನು ತೆಗೆದುಕೊಳ್ಳಿ. ಒಂದು ಆಲಿಸ್ ಬಳಿ, ಇನ್ನೊಂದು ದೂರದ ಬಾಬ್ ಬಳಿ (ಇವು ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಹೆಸರುಗಳು). ಆಲಿಸ್ ತನ್ನದನ್ನು ‘ಅಡ್ಡವೋ ಉದ್ದವೋ’ ಎಂದು ಅಳೆದರೆ ಬಾಬ್‌ನದು ಅಡ್ಡ ಅಥವಾ ಉದ್ದವಾಗುತ್ತದೆ. ‘ಈ ಓರೆಯೋ ಆ ಓರೆಯೋ’ ಎಂದು ಅಳೆದರೆ ಬಾಬ್‌ನದೂ ಎರಡು ಓರೆಗಳಲ್ಲಿ ಒಂದಾಗುತ್ತದೆ. ಹರ್ಬರ್ಟ್ ಓರೆಯ ಬದಲು ವೃತ್ತಾಕಾರದ ಧ್ರುವೀಕರಣವನ್ನು ಬಳಸಿದ್ದರು, ಲೆಕ್ಕ ಮಾತ್ರ ಇದೇ. ಆಲಿಸ್ ಯಾವ ಬಗೆಯ ಅಳತೆ ಮಾಡಿದಳು ಎಂಬುದು ಬಾಬ್‌ಗೆ ಗೊತ್ತಾದರೆ ಅದೇ ಸಂದೇಶ. ಆದರೆ ಒಂದೇ ಫೋಟಾನಿನಿಂದ ಅದು ತಿಳಿಯದು, ಬಾಬ್ ಹೇಗೆ ಅಳೆದರೂ ಅವನಿಗೆ ಸಿಗುವುದು ಅರ್ಧಕ್ಕರ್ಧ. ಹಾಗಾದರೆ ಆ ಒಂದನ್ನು ಲೇಸರ್ ವರ್ಧಕದೊಳಗೆ ಕಳಿಸಿ ನೂರು ಮಾಡಿಕೊಳ್ಳೋಣ ಎಂದರು ಹರ್ಬರ್ಟ್. ನೂರರಲ್ಲಿ ಐವತ್ತನ್ನು ಅಡ್ಡ-ಉದ್ದದ ಅಳತೆಗೆ ಕೊಡುವುದು, ಐವತ್ತನ್ನು ಓರೆಯ ಅಳತೆಗೆ. ಮೊದಲ ಐವತ್ತೂ ಒಂದೇ ಉತ್ತರ ಕೊಟ್ಟು ಎರಡನೆಯವು ಚೆಲ್ಲಾಪಿಲ್ಲಿಯಾದರೆ ಆಲಿಸ್ ಅಡ್ಡ-ಉದ್ದ ಅಳೆದಿದ್ದಾಳೆ, ತಿರುಗಾಮುರುಗಾ ಆದರೆ ಓರೆ ಅಳೆದಿದ್ದಾಳೆ. ಅವಳು ಅಳೆದ ಗಳಿಗೆಯಲ್ಲೇ, ಎಷ್ಟೇ ದೂರದಲ್ಲಿದ್ದರೂ, ಸುದ್ದಿ ಮುಟ್ಟಿತು!

ಈ ಇಡೀ ಏರ್ಪಾಟಿನಲ್ಲಿ ಕೊಂಕು ತೆಗೆಯಲು ಇರುವ ಜಾಗ ಒಂದೇ: ಆ ನಕಲು ಯಂತ್ರ.

ಅದನ್ನು ಹಾಳೆಯ ಮೇಲೆ ಕಟ್ಟಿ ನೋಡೋಣ. ಅಡ್ಡ ಸ್ಥಿತಿಗೆ ಅ, ಉದ್ದ ಸ್ಥಿತಿಗೆ ಉ ಎಂದು ಬರೆಯೋಣ. ಎರಡು ಫೋಟಾನುಗಳೂ ಅಡ್ಡವಾಗಿದ್ದರೆ ಅಅ. ಒಳ್ಳೆಯ ನಕಲು ಯಂತ್ರಕ್ಕೆ ಅ ಕೊಟ್ಟರೆ ಅಅ ಬರಬೇಕು, ಉ ಕೊಟ್ಟರೆ ಉಉ ಬರಬೇಕು. ಇಷ್ಟರಲ್ಲಿ ತೊಂದರೆ ಏನೂ ಇಲ್ಲ, ಇಂಥ ಯಂತ್ರ ಸಾಧ್ಯ. ಇನ್ನು ಓರೆ. ಕ್ವಾಂಟಮ್ ಸಿದ್ಧಾಂತದಲ್ಲಿ ಓರೆ ಎಂಬುದು ಅಡ್ಡ ಮತ್ತು ಉದ್ದ ಸಮನಾಗಿ ಕೂಡಿದ ಸ್ಥಿತಿ:

ಓರೆ = (ಅ + ಉ)/√2

ಇದನ್ನು ಯಂತ್ರಕ್ಕೆ ಹಾಕಿದರೆ ಏನು ಬರುತ್ತದೆ ಎಂಬುದು ನಮ್ಮ ಆಯ್ಕೆಗೆ ಬಿಟ್ಟದ್ದಲ್ಲ. ಕ್ವಾಂಟಮ್ ಲೋಕದ ಎಲ್ಲ ಬದಲಾವಣೆಗಳೂ ಒಂದು ಕಟ್ಟಳೆಗೆ ಒಳಪಟ್ಟಿವೆ. ಎರಡು ಸ್ಥಿತಿಗಳು ಕೂಡಿ ಒಳಗೆ ಹೋದರೆ, ಅವು ಬೇರೆಬೇರೆಯಾಗಿ ಹೋದಾಗ ಬರುತ್ತಿದ್ದ ಫಲಗಳೇ ಕೂಡಿ ಹೊರಬರುತ್ತವೆ. ಇದಕ್ಕೆ ರೇಖೀಯತೆ ಎನ್ನುತ್ತಾರೆ. ಅ ಒಳಹೋದರೆ ಅಅ, ಉ ಒಳಹೋದರೆ ಉಉ ಎಂದು ನಾವೇ ಗೊತ್ತುಮಾಡಿದ್ದೇವಲ್ಲ, ಆದ್ದರಿಂದ ಹೊರಬರುವುದು:

(ಅಅ + ಉಉ)/√2

ನಮಗೆ ಬೇಕಾಗಿದ್ದದ್ದು ಎರಡು ಓರೆ ಫೋಟಾನುಗಳು. ಅಂದರೆ ಓರೆಯನ್ನು ಓರೆಯಿಂದಲೇ ಗುಣಿಸಿದ್ದು:

(ಅ + ಉ)(ಅ + ಉ)/2 = (ಅಅ + ಅಉ + ಉಅ + ಉಉ)/2

ಹೈಸ್ಕೂಲಿನಲ್ಲಿ (a+b)² ಬಿಡಿಸುವಾಗ a² + b² ಎಂದಷ್ಟೇ ಬರೆದು ಮೇಷ್ಟರ ಕೈಲಿ ಬೈಸಿಕೊಳ್ಳದವರು ಕಡಿಮೆ. ಯಂತ್ರ ಮಾಡಿದ್ದೂ ಅದನ್ನೇ: 2ab ಬಿಟ್ಟಿದೆ. ವ್ಯತ್ಯಾಸವಿಷ್ಟೆ, ಹುಡುಗ ಬಿಟ್ಟದ್ದು ಅಜಾಗರೂಕತೆಯಿಂದ, ಯಂತ್ರಕ್ಕೆ ಅದನ್ನು ಬರೆಯಲು ಅವಕಾಶವೇ ಇಲ್ಲ. ಅಉ, ಉಅ ಎಂಬ ಎರಡು ಪದಗಳನ್ನು ಹೊರತರುವಂತೆ ತಿದ್ದಿದರೆ, ಅದೇ ತಿದ್ದುಪಡಿ ಅಡ್ಡ ಅಥವಾ ಉದ್ದದ ನಕಲನ್ನು ಕೆಡಿಸುತ್ತದೆ. ಸಾಧನೆ ಇಲ್ಲಿಗೆ ಮುಗಿಯಿತು. ಗೊತ್ತಿಲ್ಲದ ಯಾವ ಸ್ಥಿತಿಯನ್ನಾದರೂ ನಕಲಿಸುವ ಯಂತ್ರ ಇಲ್ಲ.

ಕಾಣೆಯಾದ ಪದಗಳು ಬರಿಯ ಕಾಗದದ ವ್ಯತ್ಯಾಸವಲ್ಲ, ಪ್ರಯೋಗಶಾಲೆಯಲ್ಲಿ ಕಣ್ಣಿಗೆ ಕಾಣುತ್ತವೆ. ನಿಜವಾದ ಎರಡು ಓರೆ ಫೋಟಾನುಗಳನ್ನು ಅಡ್ಡ-ಉದ್ದ ಅಳೆದರೆ ಅರ್ಧ ಸಲ ಅವುಗಳ ಉತ್ತರ ಒಂದಕ್ಕೊಂದು ಹೊಂದುವುದಿಲ್ಲ. ಯಂತ್ರದಿಂದ ಬಂದವು ಒಮ್ಮೆಯೂ ತಪ್ಪದೆ ಹೊಂದುತ್ತವೆ. ಇನ್ನು ಓರೆಯ ಅಳತೆ ಮಾಡಿದರೆ ನಿಜವಾದ ಜೋಡಿ ಯಾವಾಗಲೂ ಮೂಲದ ಓರೆಯನ್ನೇ ತೋರಿಸಬೇಕು, ಯಂತ್ರದ ಜೋಡಿ ಅರ್ಧ ಸಲ ಎದುರಿನ ಓರೆಯನ್ನು ತೋರಿಸುತ್ತದೆ. ಯಂತ್ರ ನಮಗೆ ಕೊಟ್ಟದ್ದು ಎರಡು ನಕಲುಗಳನ್ನಲ್ಲ, ಹೆಣೆದುಕೊಂಡ ಒಂದು ಜೋಡಿಯನ್ನು. ಬಿಡಿಬಿಡಿಯಾಗಿ ನೋಡಿದರೆ ಅವುಗಳಲ್ಲಿ ಯಾವುದಕ್ಕೂ ಓರೆಯ ಲಕ್ಷಣವೇ ಇಲ್ಲ.

ಬಾಬ್‌ನ ಕತೆ ಏನಾಯಿತು? ಆಲಿಸ್ ಅಡ್ಡ-ಉದ್ದ ಅಳೆದಾಗ ಅವನ ಯಂತ್ರದಿಂದ ಅಅ ಅಥವಾ ಉಉ, ಸಮನಾಗಿ ಬೆರೆತು ಬರುತ್ತವೆ. ಓರೆ ಅಳೆದಾಗ (ಅಅ + ಉಉ)/√2 ಅಥವಾ (ಅಅ − ಉಉ)/√2, ಇವೂ ಸಮನಾಗಿ ಬೆರೆತು ಬರುತ್ತವೆ. ಈ ಎರಡು ಬೆರಕೆಗಳನ್ನು ಬೇರ್ಪಡಿಸಿ ಹೇಳುವ ಅಳತೆಯೇ ಇಲ್ಲ. ಲೆಕ್ಕ ಮಾಡಿದರೆ ಕೂಡುಗುರುತಿನದೂ ಕಳೆಗುರುತಿನದೂ ಒಂದನ್ನೊಂದು ಅಳಿಸಿಕೊಂಡು ಎರಡೂ ಒಂದೇ ಆಗುತ್ತವೆ. ಸಂದೇಶ ಅಲ್ಲಿಗೇ ಸತ್ತಿತು.

ಇದೇ ಫಲಿತಾಂಶಕ್ಕೆ ಇನ್ನೊಂದು ದಾರಿಯಿದೆ, ನನಗೆ ಅದು ಹೆಚ್ಚು ಇಷ್ಟ. ಎರಡು ಸ್ಥಿತಿಗಳು ಎಷ್ಟರ ಮಟ್ಟಿಗೆ ಒಂದರ ಮೇಲೊಂದು ಬೀಳುತ್ತವೆ ಎಂಬುದಕ್ಕೆ ಒಂದು ಸಂಖ್ಯೆ ಇದೆ. ಒಂದೇ ಸ್ಥಿತಿಯಾದರೆ ಅದು 1, ಅಡ್ಡ ಮತ್ತು ಉದ್ದದಂತೆ ಪೂರ್ತಿ ಬೇರೆಯಾದರೆ 0, ಅಡ್ಡ ಮತ್ತು ಓರೆಗೆ ಸುಮಾರು 0.71. ಹೊರಗಿನವರು ಕೈಹಾಕದ ಯಾವ ಕ್ವಾಂಟಮ್ ಪ್ರಕ್ರಿಯೆಯೂ ಈ ಸಂಖ್ಯೆಯನ್ನು ಬದಲಿಸದು. ಆದರೆ ಎರಡೆರಡು ಪ್ರತಿಗಳಾದಾಗ ಸಂಖ್ಯೆ ತನ್ನಿಂದ ತಾನೇ ಗುಣಿಸಿಕೊಂಡು 0.5 ಆಗಬೇಕು. ಅಂದರೆ ನಕಲು ಯಂತ್ರ, ಕಣಗಳನ್ನು ಹೆಚ್ಚಿಸುವುದರ ಜೊತೆಗೆ ಅವುಗಳನ್ನು ಗುರುತಿಸುವುದನ್ನೂ ಪುಕ್ಕಟೆಯಾಗಿ ಸುಲಭ ಮಾಡಿಕೊಡುತ್ತದೆ. ಅದಕ್ಕೆ ಪ್ರಕೃತಿಯ ಒಪ್ಪಿಗೆಯಿಲ್ಲ. ತನ್ನ ವರ್ಗಕ್ಕೆ ತಾನೇ ಸಮನಾದ ಸಂಖ್ಯೆಗಳು 0 ಮತ್ತು 1 ಮಾತ್ರ. ಹಾಗಾಗಿ ‘ಅಡ್ಡ ಇಲ್ಲವೆ ಉದ್ದ, ಬೇರೇನೂ ಅಲ್ಲ’ ಎಂದು ಮೊದಲೇ ಗೊತ್ತಿದ್ದರೆ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು. ಕಂಪ್ಯೂಟರಿನ ಸೊನ್ನೆ-ಒಂದುಗಳು ಈ ಗುಂಪಿನವು, ಫೈಲುಗಳು ಕಾಪಿಯಾಗುವುದಕ್ಕೆ ಅಡ್ಡಿಯಿಲ್ಲದ್ದು ಅದಕ್ಕೇ. ಸ್ಥಿತಿ ಯಾವುದೆಂದು ಗೊತ್ತಿದ್ದರಂತೂ ನಕಲಿನ ಮಾತೇ ಬೇಡ, ಹೊಸದನ್ನೇ ತಯಾರಿಸಿಕೊಳ್ಳಬಹುದು.

1982ರಲ್ಲಿ ವಿಲಿಯಂ ವೂಟರ್ಸ್ ಮತ್ತು ವೊಯ್ಚೆಕ್ ಜುರೆಕ್ ‘ನೇಚರ್’ ಪತ್ರಿಕೆಯಲ್ಲಿ ಈ ಪ್ರಮೇಯವನ್ನು ಪ್ರಕಟಿಸಿದರು. ಅದೇ ವರ್ಷ ನೆದರ್ಲೆಂಡ್ಸ್‌ನ ಡೆನಿಸ್ ಡೀಕ್ಸ್ ಕೂಡ ಪ್ರತ್ಯೇಕವಾಗಿ ಅಲ್ಲಿಗೇ ಬಂದರು. ಗಿರಾರ್ಡಿಯವರ ವಾದ ಪರಿಶೀಲನಾ ವರದಿಯ ಕಡತದಲ್ಲೇ ಉಳಿದಿತ್ತು. ಜೇಮ್ಸ್ ಪಾರ್ಕ್ ಎಂಬವರು 1970ರಲ್ಲೇ, ಅದೂ ಹರ್ಬರ್ಟ್ ಲೇಖನ ಬಂದ ಪತ್ರಿಕೆಯಲ್ಲೇ, ಇದನ್ನು ತೋರಿಸಿದ್ದರೂ ಆಗ ಯಾರೂ ಗಮನಿಸಿರಲಿಲ್ಲ.

ಹಾಗಾದರೆ ಲೇಸರ್ ವರ್ಧಕದಲ್ಲಿ ನಿಜವಾಗಿ ಏನು ನಡೆಯುತ್ತದೆ? ಒಂದು ಫೋಟಾನು ಬಂದಾಗ, ಉದ್ರಿಕ್ತ ಪರಮಾಣು ಅದೇ ಬಗೆಯ ಇನ್ನೊಂದನ್ನು ಬಿಡುವುದು ನಿಜ. ಆದರೆ ಪರಮಾಣು ಯಾರೂ ಪ್ರಚೋದಿಸದೆ ತಾನಾಗಿಯೂ ಫೋಟಾನನ್ನು ಬಿಡಬಲ್ಲದು, ಆಗ ಅದು ಯಾವ ದಿಕ್ಕಿನದಾದರೂ ಆಗಬಹುದು. ಎಲ್ಲ ದಿಕ್ಕುಗಳನ್ನೂ ಸಮನಾಗಿ ಕಾಣುವ ವರ್ಧಕದಲ್ಲಿ, ಹೊಸ ಫೋಟಾನು ಒಳಬಂದದ್ದರಂತೆಯೇ ಇರುವ ಸಾಧ್ಯತೆ, ಎದುರಿನದಾಗುವ ಸಾಧ್ಯತೆಯ ಎರಡರಷ್ಟು. ಮೂರಕ್ಕೆ ಎರಡು ಸಲ ಸರಿ, ಒಂದು ಸಲ ತಪ್ಪು. ಹೊರಬಂದ ಎರಡರಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸಿದರೆ ಅದು ಸರಿಯಿರುವ ಸಾಧ್ಯತೆ 2/3 + (1/3 × 1/2), ಅಂದರೆ 5/6. ವ್ಲಾದಿಮಿರ್ ಬುಜೆಕ್ ಮತ್ತು ಮಾರ್ಕ್ ಹಿಲರಿ 1996ರಲ್ಲಿ ಒಂದರಿಂದ ಎರಡು ಮಾಡುವ, ಎಲ್ಲ ಸ್ಥಿತಿಗಳಿಗೂ ಸಮನಾಗಿ ಕೆಲಸ ಮಾಡುವ ಯಂತ್ರವೊಂದನ್ನು ಲೆಕ್ಕಹಾಕಿ ತೋರಿಸಿದಾಗ ಬಂದ ಸಂಖ್ಯೆಯೂ ಇದೇ. ಇದಕ್ಕಿಂತ ಒಳ್ಳೆಯದು ಸಾಧ್ಯವಿಲ್ಲವೆಂದು ಆಮೇಲೆ ಸಾಬೀತಾಯಿತು. 2002ರಲ್ಲಿ ಆಂಟಿಯಾ ಲಾಮಾಸ್-ಲಿನಾರೆಸ್ ಮತ್ತು ಸಂಗಡಿಗರು ಬಿಡಿ ಫೋಟಾನುಗಳನ್ನು ಹೀಗೆಯೇ ವರ್ಧಿಸಿ ನಕಲಿಸಿದರು. ಅವರಿಗೆ ಸಿಕ್ಕಿದ ನಿಷ್ಠೆ 0.81, ಮಿತಿಯಾದ 0.83ಕ್ಕೆ ಕೂದಲೆಳೆಯ ದೂರ.

ಈ ಆರರಲ್ಲೊಂದು ತಪ್ಪು ಕದ್ದುಕೇಳುವವರಿಗೆ ದುಬಾರಿಯಾಗುತ್ತದೆ. ಚಾರ್ಲ್ಸ್ ಬೆನೆಟ್ ಮತ್ತು ಜಿಲ್ ಬ್ರಾಸಾರ್ 1984ರಲ್ಲಿ ಮುಂದಿಟ್ಟ ವಿಧಾನದಲ್ಲಿ ಆಲಿಸ್ ಗುಪ್ತ ಕೀಲಿಯನ್ನು ಫೋಟಾನುಗಳಲ್ಲಿ ಕಳಿಸುತ್ತಾಳೆ, ಕೆಲವನ್ನು ಅಡ್ಡ-ಉದ್ದದಲ್ಲಿ, ಕೆಲವನ್ನು ಓರೆಗಳಲ್ಲಿ, ಮನಬಂದಂತೆ. ನಡುವೆ ನಿಂತವನು ಪ್ರತಿಯೊಂದನ್ನೂ ಅಳೆದು ಮುಂದೆ ಕಳಿಸಿದನೆನ್ನಿ. ಅರ್ಧ ಸಲ ತಪ್ಪು ಬಗೆಯ ಅಳತೆ ಮಾಡುತ್ತಾನೆ, ಅದರಲ್ಲಿ ಅರ್ಧ ಸಲ ಬಾಬ್‌ಗೆ ತಪ್ಪು ಉತ್ತರ ಹೋಗುತ್ತದೆ. ಒಟ್ಟು ನಾಲ್ಕರಲ್ಲೊಂದು ತಪ್ಪು. ಅವನು ಜಾಣನಾಗಿ ಬುಜೆಕ್-ಹಿಲರಿ ಯಂತ್ರವನ್ನೇ ಇಟ್ಟುಕೊಂಡು, ಒಂದು ಪ್ರತಿಯನ್ನು ಬಾಬ್‌ಗೆ ಬಿಟ್ಟು ಇನ್ನೊಂದನ್ನು ಉಳಿಸಿಕೊಂಡರೆ ತಪ್ಪು ಶೇಕಡ 25ರಿಂದ ಸುಮಾರು 17ಕ್ಕೆ ಇಳಿಯುತ್ತದೆ. ಈ ನಾಲ್ಕು ಸ್ಥಿತಿಗಳಿಗೆಂದೇ ಹೊಂದಿಸಿದ ಇನ್ನೂ ಒಳ್ಳೆಯ ಯಂತ್ರದಿಂದ ಶೇಕಡ 15ರ ಹತ್ತಿರಕ್ಕೆ ಬರುತ್ತದೆ, ಅಷ್ಟೆ. ಆಲಿಸ್ ಮತ್ತು ಬಾಬ್ ಕೀಲಿಯ ಸ್ವಲ್ಪ ಭಾಗವನ್ನು ಫೋನಿನಲ್ಲಿ ಎಲ್ಲರಿಗೂ ಕೇಳುವಂತೆ ಹೋಲಿಸಿ ನೋಡುತ್ತಾರೆ. ಸಾಮಾನ್ಯ ವಿಧಾನದಲ್ಲಿ ತಪ್ಪು ಶೇಕಡ 11 ದಾಟಿದರೆ ಕೀಲಿಯನ್ನು ಎಸೆದು ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಅದಕ್ಕಿಂತ ಕಡಿಮೆಯಿದ್ದರೆ, ಕದ್ದವನಿಗೆ ಎಷ್ಟು ತಿಳಿದಿರಬಹುದು ಎಂದು ಲೆಕ್ಕಹಾಕಿ, ಅವನಿಗೆ ಏನೂ ಉಳಿಯದಷ್ಟು ಕೀಲಿಯನ್ನು ಕುಗ್ಗಿಸಿ ಬಳಸುತ್ತಾರೆ.