ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ಗೋವಾ ನೋಟು: ಅದರ ಬೆಲೆ ಎಷ್ಟು?

ಹುಬ್ಬಳ್ಳಿ: ಹಳೆಯ ಮನೆಗಳ ಅಟ್ಟದಲ್ಲಿ ಇಂದಿಗೂ ಕಬ್ಬಿಣದ ಟ್ರಂಕುಗಳಿವೆ. ಅವುಗಳಲ್ಲಿ ಇಳಕಲ್ ಸೀರೆ, ಮದುವೆಯ ಲಗ್ನಪತ್ರಿಕೆಗಳ ಜೊತೆ ಒಮ್ಮೊಮ್ಮೆ ಪರದೇಶದ ನೋಟುಗಳೂ ದೊರೆಯುತ್ತವೆ. ಅಂಥ ನೋಟು ಸಿಕ್ಕಾಗ ಏನು ಮಾಡಬೇಕು, ಅದರ ನಿಜವಾದ ಬೆಲೆ ಏನು ಎಂಬುದನ್ನು ಒಂದು ಪುಟ್ಟ ಕಥೆಯ ಮೂಲಕ ನೋಡಬಹುದು.

ಕಥೆಯ ಅಜ್ಜಿಯ ತವರು ಮಡಗಾಂವ, ಗಂಡನ ಮನೆ ಹುಬ್ಬಳ್ಳಿ. ಅಜ್ಜಿ ತೀರಿಕೊಂಡ ಬಳಿಕ ಮೊಮ್ಮಗಳು ಟ್ರಂಕು ತೆರೆದಾಗ ಅರಿಷಿಣದ ಕಲೆಯಿದ್ದ ರವಿಕೆ ಖಣವೊಂದರಲ್ಲಿ ಸುತ್ತಿಟ್ಟ ಏಳು ನೋಟುಗಳು ಕಂಡವು. 30ರ ನಾಲ್ಕು, 60ರ ಎರಡು, 300ರ ಒಂದು. ನೋಟಿನ ಮೇಲೆ ಗಡ್ಡಧಾರಿ ಸೈನ್ಯಾಧಿಪತಿಯ ಚಿತ್ರ, 1959ರ ದಿನಾಂಕ. ಮನೆಯ ಹಿರಿಯರೊಬ್ಬರು, "ಅದು ತವರಿನವರು ಉಡಿ ತುಂಬಿದ ರೊಕ್ಕ ಇರಬೇಕವ್ವಾ" ಎಂದರು.

30 ಮತ್ತು 60 ಏಕೆ?

ಚಿತ್ರದಲ್ಲಿರುವಾತ 1510ರಲ್ಲಿ ಗೋವಾವನ್ನು ಗೆದ್ದ ಅಫೊನ್ಸೊ ಡಿ ಅಲ್ಬುಕರ್ಕ್. ನೋಟು ಹೊರಡಿಸಿದ್ದು ಪೋರ್ಚುಗೀಸ್ ವಸಾಹತುಗಳಿಗೆ ಹಣ ಮುದ್ರಿಸುತ್ತಿದ್ದ ಬಾಂಕೊ ನಾಸಿಯೊನಲ್ ಅಲ್ಟ್ರಾಮರಿನೊ. ಗೋವಾದಲ್ಲಿ ಮೊದಲು ಭಾರತದ ರೂಪಾಯಿಗೆ ಸಮನಾದ 'ರುಪಿಯಾ' ಚಲಾವಣೆಯಲ್ಲಿತ್ತು. 1950ರ ದಶಕದ ಕೊನೆಯಲ್ಲಿ ಅದರ ಬದಲು 'ಎಸ್ಕುಡೊ' ಬಂದಿತು. ಒಂದು ರುಪಿಯಾಕ್ಕೆ 6 ಎಸ್ಕುಡೊ ಎಂದು ದರ ನಿಗದಿಯಾಯಿತು.

ಮುಖಬೆಲೆಯ ವಿಚಿತ್ರಕ್ಕೆ ಇದೇ ಉತ್ತರ. ಜನರ ಕೈಯಲ್ಲಿದ್ದ 5, 10, 50 ಮತ್ತು 100 ರುಪಿಯಾಗಳ ಲೆಕ್ಕ ಕೆಡದಿರಲೆಂದು 30, 60, 300 ಮತ್ತು 600 ಎಸ್ಕುಡೊಗಳ ನೋಟು ಮುದ್ರಿಸಲಾಯಿತು. ಜೊತೆಗೆ 100 ಮತ್ತು 1000ದ ನೋಟುಗಳೂ ಇದ್ದವು. ಅಜ್ಜಿಯ ಏಳು ನೋಟುಗಳ ಮೊತ್ತ 540 ಎಸ್ಕುಡೊ, ಅಂದರೆ ಅಂದಿನ 90 ರೂಪಾಯಿ.

ಹುಬ್ಬಳ್ಳಿಗೂ ಗೋವಾಕ್ಕೂ ನಡುವೆ ಮುರಗಾಂವ ಬಂದರಿನಿಂದ ಕ್ಯಾಸಲ್‌ರಾಕ್, ಲೋಂಡಾ ಮಾರ್ಗವಾಗಿ 19ನೆಯ ಶತಮಾನದಿಂದಲೇ ರೈಲು ಸಂಪರ್ಕವಿತ್ತು. 1955ರಲ್ಲಿ ಭಾರತ ಸರ್ಕಾರ ಗೋವಾದ ಮೇಲೆ ಆರ್ಥಿಕ ನಿರ್ಬಂಧ ಹೇರಿದಾಗ ಈ ಓಡಾಟ ನಿಂತಿತು. ಗಡಿಯ ಎರಡೂ ಬದಿ ಬಂಧುಗಳಿದ್ದ ಮನೆಗಳು ತವರಿನಿಂದ ದೂರವಾದವು. 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಯಾಯಿತು. ಆ ಬಳಿಕ ತವರಿಗೆ ಹೋದ ಹೆಣ್ಣುಮಗಳ ಉಡಿಗೆ ಅಲ್ಲಿಯ ನೋಟು ಬಿದ್ದಿರಬಹುದು. ಆದರೆ ಸ್ವಲ್ಪ ಕಾಲದಲ್ಲಿಯೇ ಅಲ್ಲಿಯೂ ಭಾರತದ ರೂಪಾಯಿಯೇ ಅಧಿಕೃತ ಹಣವಾಯಿತು. ಸಕಾಲದಲ್ಲಿ ಬದಲಾಯಿಸಿಕೊಳ್ಳದ ಎಸ್ಕುಡೊ ಕೇವಲ ಕಾಗದವಾಗಿ ಉಳಿಯಿತು.

ಬ್ಯಾಂಕಿನಲ್ಲಿ ಬೆಲೆ ಇದೆಯೇ?

ಹಳೆಯ ನೋಟು ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ಇದನ್ನು ಹೊರಡಿಸಿದವರು ಇಂದಿಗೂ ಹಣ ಕೊಡುವರೇ? ಉತ್ತರ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕ 1861ರಿಂದೀಚೆಗೆ ಹೊರಡಿಸಿದ ಡಾಲರ್ ನೋಟುಗಳು ಇಂದಿಗೂ ಮುಖಬೆಲೆ ಉಳಿಸಿಕೊಂಡಿವೆ. ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಹಿಂತೆಗೆದ ಪೌಂಡ್ ನೋಟುಗಳನ್ನು ಕಾಲಮಿತಿಯಿಲ್ಲದೆ ಬದಲಾಯಿಸಿ ಕೊಡುತ್ತದೆ. ಜರ್ಮನಿಯ ಕೇಂದ್ರ ಬ್ಯಾಂಕು ಮಾರ್ಕ್‌ಗಳನ್ನು ಇಂದಿಗೂ ಯೂರೋಗೆ ಬದಲಾಯಿಸುತ್ತದೆ. ಪೋರ್ಚುಗಲ್ ಮಾತ್ರ ತನ್ನ ಸ್ವಂತ ಕೊನೆಯ ಎಸ್ಕುಡೊ ನೋಟುಗಳಿಗೂ 2022ರ ಫೆಬ್ರವರಿ 28ಕ್ಕೆ ಬಾಗಿಲು ಮುಚ್ಚಿತು. ಗೋವಾ ನೋಟುಗಳದ್ದು ಅದಕ್ಕಿಂತ ಹಳೆಯ ಮಾತು. ಅವುಗಳನ್ನು ಹೊರಡಿಸಿದ ಬ್ಯಾಂಕು ಕೂಡ 2001ರಲ್ಲಿ ಪೋರ್ಚುಗಲ್‌ನ ಮತ್ತೊಂದು ಬ್ಯಾಂಕಿನಲ್ಲಿ ವಿಲೀನವಾಗಿದೆ.

ಹೀಗಾಗಿ ಅಜ್ಜಿಯ 540 ಎಸ್ಕುಡೊಗಳಿಗೆ ಹಣವಾಗಿ ಇಂದು ಬೆಲೆ ಶೂನ್ಯ. ಉಳಿದಿರುವುದು ಸಂಗ್ರಾಹಕರು ಕೊಡುವ ಬೆಲೆ ಮಾತ್ರ.

ಸಂಗ್ರಾಹಕರು ನೋಡುವುದು ಏನನ್ನು?

ಅವರು ನೋಡುವುದು ಎರಡು ಸಂಗತಿ: ಎಷ್ಟು ನೋಟು ಉಳಿದಿವೆ ಮತ್ತು ಯಾವ ಸ್ಥಿತಿಯಲ್ಲಿವೆ. ವಯಸ್ಸೊಂದೇ ಬೆಲೆ ತರುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನ್ ಬರ್ಮಾಕ್ಕಾಗಿ ಮುದ್ರಿಸಿದ ರೂಪಾಯಿ ನೋಟುಗಳು ಗೋವಾ ನೋಟಿಗಿಂತ ಹಳೆಯವು. ಆದರೆ ಅಪಾರ ಸಂಖ್ಯೆಯಲ್ಲಿ ಮುದ್ರಿತವಾದ ಕಾರಣ ಸಾಮಾನ್ಯವಾದವು ಇಂದು ಅಗ್ಗವಾಗಿ ದೊರೆಯುತ್ತವೆ. ಗೋವಾದ ಎಸ್ಕುಡೊಗಳು ಸಣ್ಣ ಪ್ರದೇಶಕ್ಕಾಗಿ, ಮೂರೇ ವರ್ಷ ನಡೆದ ನೋಟುಗಳು. ಅದರಲ್ಲಿಯೂ ಜನರ ಕೈಯಲ್ಲಿ ಹೆಚ್ಚು ಓಡಾಡಿದ ಸಣ್ಣ ಮುಖಬೆಲೆಯವು ಸುಲಭವಾಗಿ ಸಿಗುತ್ತವೆ. 600 ಮತ್ತು 1000ದವು ವಿರಳ. ಅಜ್ಜಿಯ ಕಟ್ಟಿನಲ್ಲಿ 300ರ ನೋಟಿಗೇ ಹೆಚ್ಚಿನ ಆಸಕ್ತಿ ಬರುತ್ತದೆ.

ಇನ್ನು ಸ್ಥಿತಿ. ಒಂದೇ ಮುಖಬೆಲೆಯ ಎರಡು ನೋಟುಗಳ ನಡುವೆ ಮಡಿಕೆಯೊಂದರಿಂದಲೇ ಬೆಲೆ ಅರ್ಧಕ್ಕಿಳಿಯಬಹುದು. ಅಂಚು ಹರಿದಿದ್ದರೆ, ಪಿನ್ನಿನ ತೂತಿದ್ದರೆ ಇನ್ನೂ ಕಡಿಮೆ. ಇಲ್ಲಿಯೇ ಹೆಚ್ಚಿನ ಮನೆಗಳಲ್ಲಿ ತಪ್ಪಾಗುವುದು. ನೋಟು ಚೆಂದ ಕಾಣಲೆಂದು ತೊಳೆಯುತ್ತಾರೆ, ಇಸ್ತ್ರಿ ಹಾಕುತ್ತಾರೆ, ಹರಿದಲ್ಲಿ ಟೇಪು ಅಂಟಿಸುತ್ತಾರೆ, ಕೊನೆಗೆ ಲ್ಯಾಮಿನೇಶನ್ ಮಾಡಿಸುತ್ತಾರೆ. ಇವೆಲ್ಲವೂ ಬೆಲೆ ಕೆಡಿಸುತ್ತವೆ. ಲ್ಯಾಮಿನೇಶನ್ ಆದ ನೋಟನ್ನು ಸರಿಪಡಿಸುವ ದಾರಿಯೇ ಇಲ್ಲ. ಮೊಮ್ಮಗಳು ಮಾಡಬೇಕಾದುದು ಇಷ್ಟೆ: ಒಣ ಕೈಯಿಂದ ಅಂಚು ಹಿಡಿದು ತೆಗೆದು, ಪ್ರತಿಯೊಂದನ್ನೂ ನೋಟುಗಳಿಗೆಂದೇ ಮಾಡಿದ ಪಾಲಿಯೆಸ್ಟರ್ ಲಕೋಟೆಯಲ್ಲಿ ಇಡುವುದು. ಮೆತ್ತನೆಯ ಪಿ.ವಿ.ಸಿ. ಲಕೋಟೆ ಕಾಲಕ್ರಮೇಣ ಕಾಗದಕ್ಕೆ ಹಾನಿ ಮಾಡುತ್ತದೆ.

ನೋಟು ಅಸಲಿಯೋ ನಕಲಿಯೋ ಎಂಬ ಅನುಮಾನವಿದ್ದರೆ ಭೂತಗನ್ನಡಿಯಲ್ಲಿ ನೋಡಬೇಕು. ಅಸಲಿ ಮುದ್ರಣದಲ್ಲಿ ಗೆರೆಗಳು ಅಖಂಡವಾಗಿರುತ್ತವೆ. ಬಣ್ಣದ ಪ್ರಿಂಟರ್‌ನ ನಕಲಿನಲ್ಲಿ ಸಣ್ಣ ಬಣ್ಣದ ಚುಕ್ಕಿಗಳು ಕಾಣುತ್ತವೆ. ನೇರಳಾತೀತ ಬೆಳಕಿನಡಿ ಇಡೀ ಕಾಗದ ನೀಲಿಯಾಗಿ ಹೊಳೆದರೆ ಅದು ಇತ್ತೀಚಿನ ಕಾಗದವಿರಬಹುದು, ಇಲ್ಲವೇ ಮಾರ್ಜಕದಿಂದ ತೊಳೆದದ್ದಿರಬಹುದು.

ಮುಂಗಡ ಕೇಳಿದರೆ ಎಚ್ಚರ

ಮೊಮ್ಮಗಳು ನೋಟಿನ ಚಿತ್ರವನ್ನು ಮಾರಾಟದ ತಾಣವೊಂದರಲ್ಲಿ ಹಾಕಿದ ಸಂಜೆಯೇ ಕರೆ ಬಂದಿತು. ಏಳು ನೋಟಿಗೆ ಒಂಬತ್ತು ಲಕ್ಷ ರೂಪಾಯಿ! ಆದರೆ ಮೊದಲು 'ರಿಸರ್ವ್ ಬ್ಯಾಂಕ್ ನೋಂದಣಿ ಶುಲ್ಕ' ಎಂದು ಕೆಲವು ಸಾವಿರ ಕಳುಹಿಸಬೇಕು. ಮನೆಯ ಸಾಲ ತೀರಿಸುವ ಕನಸು ಕಣ್ಣ ಮುಂದೆ ಬಂದರೂ ಅವಳು ಹಣ ಕಳುಹಿಸಲಿಲ್ಲ.

ಅದು ಸರಿಯಾದ ನಿರ್ಧಾರ. ಹಳೆಯ ನೋಟು, ನಾಣ್ಯಗಳ ವ್ಯವಹಾರಕ್ಕೆ ತನ್ನ ಹೆಸರು ಮತ್ತು ಲಾಂಛನ ಬಳಸಿ ಶುಲ್ಕ, ಕಮಿಷನ್ ಅಥವಾ ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಇಂಥ ವ್ಯವಹಾರದಲ್ಲಿ ತಾನು ತೊಡಗುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದೂ ಅದು ಸ್ಪಷ್ಟಪಡಿಸಿದೆ. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು.

ಬೆಲೆ ತಿಳಿಯಲು ಜಾಹೀರಾತಿನಲ್ಲಿ ಬರೆದ ದರ ನೋಡಿ ಪ್ರಯೋಜನವಿಲ್ಲ. ಅದು ಮಾರುವವನ ಆಸೆ ಮಾತ್ರ. ಹರಾಜಿನಲ್ಲಿ ಅದೇ ಮುಖಬೆಲೆಯ, ಅದೇ ಸ್ಥಿತಿಯ ನೋಟು ಮಾರಾಟವಾದ ದರವೇ ನಿಜವಾದ ಅಳತೆ. ಅಂಗಡಿಯವನು ಅದರಲ್ಲಿ ತನ್ನ ಲಾಭ ಕಳೆದೇ ಕೊಡುತ್ತಾನೆ. ಕನಿಷ್ಠ ಇಬ್ಬರಿಗೆ ತೋರಿಸಿ, ಉತ್ತರ ಪಡೆದು, ಆ ಬಳಿಕ ನೋಟು ಕೈಬಿಡುವುದು ಕ್ಷೇಮ.

ಮೊಮ್ಮಗಳು ಹಾಗೆಯೇ ಮಾಡಿದಳು. ಹಲವು ಸಾವಿರ ರೂಪಾಯಿಗೆ ಆರು ನೋಟು ಮಾರಿದವು. ಲಕ್ಷದ ಮಾತೇ ಬರಲಿಲ್ಲ. ಮಡಿಕೆ ಹೆಚ್ಚಿದ್ದ 30ರ ಒಂದು ನೋಟನ್ನು ಅಂಗಡಿಯವನು ಬೇಡವೆಂದ. ಅದು ಅರಿಷಿಣದ ಖಣದೊಂದಿಗೆ ಮತ್ತೆ ಟ್ರಂಕು ಸೇರಿತು.